ಫ್ರಾಂಚೈಸಿ ಒಪ್ಪಂದ: ರಾಯಲ್ಟಿ, ಕೈಪಿಡಿ ಮತ್ತು ರದ್ದತಿಯ ಷರತ್ತುಗಳು

ಫ್ರಾಂಚೈಸಿ ಎಂದರೆ ಬೇರೊಂದು ಕಂಪನಿಯ ಹೆಸರನ್ನೂ ಅದರ ವ್ಯಾಪಾರದ ಕ್ರಮವನ್ನೂ ಹಣ ಕೊಟ್ಟು ಒಂದು ಅವಧಿಯ ಮಟ್ಟಿಗೆ ಬಳಸಿಕೊಳ್ಳುವ ಹಕ್ಕು. ಇದರಲ್ಲಿ ಹಲವು ಬಗೆಗಳಿವೆ. ಚಹಾ ಅಂಗಡಿ, ಬೇಕರಿ, ಐಸ್‌ಕ್ರೀಂ ಪಾರ್ಲರ್, ಸಲೂನ್, ಮಕ್ಕಳ ಪ್ಲೇ ಸ್ಕೂಲ್‌ಗಳಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಅಂಗಡಿಯೂ ಫ್ರಾಂಚೈಸಿದಾರರದು, ನಡೆಸುವ ಹೊಣೆಯೂ ಅವರದೇ. ಮುಂಗಡ, ಒಳಾಂಗಣದ ಕೆಲಸ, ಯಂತ್ರಗಳು, ಸಂಬಳ, ಬ್ಯಾಂಕ್ ಸಾಲದ ಕಂತು ಎಲ್ಲವನ್ನೂ ಅವರೇ ಭರಿಸುತ್ತಾರೆ. ಹೆಸರು, ಲೋಗೊ ಮತ್ತು ಪದ್ಧತಿ ಮಾತ್ರ ಕಂಪನಿಯದು.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಅಮೆರಿಕದಲ್ಲಿ ಕಂಪನಿಯು ತನ್ನ ಮೇಲಿರುವ ವ್ಯಾಜ್ಯಗಳು, ಶುಲ್ಕಗಳು, ಮುಚ್ಚಿಹೋದ ಅಂಗಡಿಗಳ ಲೆಕ್ಕ ಇತ್ಯಾದಿಗಳನ್ನೊಳಗೊಂಡ ದಾಖಲೆಯನ್ನು ಸಹಿಗೆ ಕನಿಷ್ಠ 14 ದಿನ ಮೊದಲೇ ಕೊಡಬೇಕೆಂಬ ನಿಯಮವಿದೆ. ಇಲ್ಲಿ ಅಂಥ ಕಟ್ಟುಪಾಡಿಲ್ಲ. 1872ರ ಭಾರತೀಯ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಂಥ ಸಾಮಾನ್ಯ ಕಾನೂನುಗಳ ಚೌಕಟ್ಟಿನೊಳಗೆ ಎರಡೂ ಕಡೆಯವರು ಏನು ಬರೆದುಕೊಂಡಿದ್ದಾರೋ ಅದೇ ಅವರ ಪಾಲಿನ ಕಾನೂನು. ಆ ಬರಹ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ ಮತ್ತು ಅದನ್ನು ಸಿದ್ಧಪಡಿಸುವವರು ಕಂಪನಿಯ ವಕೀಲರು.

ಹತ್ತಾರು ಪುಟಗಳ ಆ ದಾಖಲೆಯಲ್ಲಿ ಫ್ರಾಂಚೈಸಿದಾರರ ಹಣದ ಹಣೆಬರಹ ನಿರ್ಧಾರವಾಗುವುದು ಮುಖ್ಯವಾಗಿ ಮೂರು ಕಡೆ: ರಾಯಲ್ಟಿ, ಬ್ರ್ಯಾಂಡ್ ಗುಣಮಟ್ಟ, ರದ್ದತಿ. ಇವು ಬೇರೆ ಬೇರೆ ಅಧ್ಯಾಯಗಳಲ್ಲಿದ್ದರೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ರಾಯಲ್ಟಿ ತಡವಾದರೂ ಗುಣಮಟ್ಟದ ತಪಾಸಣೆಯಲ್ಲಿ ಅಂಕ ಕಡಿಮೆಯಾದರೂ ಅದು ಷರತ್ತಿನ ಉಲ್ಲಂಘನೆ. ಉಲ್ಲಂಘನೆಯಾದರೆ ರದ್ದತಿಯ ಹಕ್ಕು ಕಂಪನಿಯ ಕೈಗೆ ಬರುತ್ತದೆ. ಆದ್ದರಿಂದ ರಾಯಲ್ಟಿ ಶೇಕಡಾ ಎಷ್ಟು ಎಂಬುದನ್ನಷ್ಟೇ ನೋಡಿದರೆ ಸಾಲದು. ಅದನ್ನು ಕಟ್ಟಲಾಗದ ತಿಂಗಳಲ್ಲಿ ಏನಾಗುತ್ತದೆ ಎಂಬುದನ್ನೂ ಜೊತೆಯಲ್ಲೇ ಓದಬೇಕು.

ರಾಯಲ್ಟಿ: ಲೆಕ್ಕ ಲಾಭದ ಮೇಲಲ್ಲ, ಮಾರಾಟದ ಮೇಲೆ

ಫ್ರಾಂಚೈಸಿ ಶುಲ್ಕ ಒಮ್ಮೆ ಕೊಡುವಂಥದ್ದು. ರಾಯಲ್ಟಿ ಪ್ರತಿ ತಿಂಗಳು ಕೊಡುವಂಥದ್ದು, ಸಾಮಾನ್ಯವಾಗಿ ಮಾರಾಟದ ಇಂತಿಷ್ಟು ಶೇಕಡಾ. ಇದರ ಜೊತೆಗೆ ಜಾಹೀರಾತು ನಿಧಿಗೆಂದು ಇನ್ನೊಂದು ಶೇಕಡಾ ಸೇರುವುದುಂಟು. ಅಂಗಡಿಗೆ ಲಾಭ ಬಂದಿದೆಯೋ ಇಲ್ಲವೋ ಎಂಬುದಕ್ಕೂ ರಾಯಲ್ಟಿಗೂ ಸಂಬಂಧವಿಲ್ಲ.

ಯಾವ ಮಾರಾಟದ ಮೇಲೆ ಈ ಶೇಕಡಾ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಒಪ್ಪಂದದ ಆರಂಭದಲ್ಲಿರುವ ‘ಡೆಫಿನಿಷನ್ಸ್’ ಭಾಗದಲ್ಲಿ ‘ಗ್ರಾಸ್ ಸೇಲ್ಸ್’ ಅಥವಾ ‘ನೆಟ್ ಸೇಲ್ಸ್’ ಎಂಬ ಪದಕ್ಕೆ ವಿವರಣೆ ಇರುತ್ತದೆ. ಗ್ರಾಸ್ ಸೇಲ್ಸ್ ಎಂದಿದ್ದರೆ ಮೆನು ಬೆಲೆಯಲ್ಲಿ ಲೆಕ್ಕ ಹಾಕಿದ ಪೂರ್ತಿ ಮಾರಾಟ ಎಂದಾಗಬಹುದು. ಆಗ ಗ್ರಾಹಕರಿಗೆ ಕೊಟ್ಟ ರಿಯಾಯಿತಿಯನ್ನಾಗಲಿ, ಊಟ ತಲುಪಿಸುವ ಆ್ಯಪ್‌ಗಳು ಹಿಡಿದುಕೊಂಡ ಕಮಿಷನ್ನನ್ನಾಗಲಿ ಕಳೆಯುವಂತಿಲ್ಲ. ಕೈಗೆ ಬಾರದ ಹಣದ ಮೇಲೂ ರಾಯಲ್ಟಿ ಬೀಳುತ್ತದೆ. ನೆಟ್ ಸೇಲ್ಸ್ ಎಂದಿದ್ದರೂ ನಿಶ್ಚಿಂತೆಯಿಂದಿರುವಂತಿಲ್ಲ. ಏನೇನನ್ನು ಕಳೆಯಬಹುದು ಎಂಬ ಪಟ್ಟಿಯಲ್ಲಿ ಜಿಎಸ್‌ಟಿ, ರಿಯಾಯಿತಿ, ರದ್ದಾದ ಬಿಲ್, ಆ್ಯಪ್ ಕಮಿಷನ್ ಈ ನಾಲ್ಕೂ ಇವೆಯೇ ಎಂದು ಒಂದೊಂದಾಗಿ ಗುರುತು ಹಾಕಿಕೊಂಡು ನೋಡಬೇಕು.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ದಾವಣಗೆರೆಯಲ್ಲಿ ಒಬ್ಬರು ಪುಣೆಯಲ್ಲಿ ಕೇಂದ್ರ ಕಚೇರಿ ಇರುವ ಚಹಾ–ತಿಂಡಿ ಬ್ರ್ಯಾಂಡೊಂದರ ಫ್ರಾಂಚೈಸಿ ತೆಗೆದುಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ರಾಯಲ್ಟಿ ಗ್ರಾಸ್ ಸೇಲ್ಸ್‌ನ 6%, ಜಾಹೀರಾತು ನಿಧಿ 2%, ಕನಿಷ್ಠ ರಾಯಲ್ಟಿ ತಿಂಗಳಿಗೆ ₹30,000. ಜಿಎಸ್‌ಟಿ ಬಿಟ್ಟು ಮೆನು ಬೆಲೆಯಲ್ಲಿ ತಿಂಗಳ ಮಾರಾಟ ₹6,00,000. ಅದರಲ್ಲಿ ₹4,00,000 ಕೌಂಟರಿನದು, ₹2,00,000 ಆ್ಯಪ್‌ಗಳ ಮೂಲಕ ಬಂದದ್ದು.

ಆ್ಯಪ್ ಮಾರಾಟದಲ್ಲಿ ₹20,000 ರಿಯಾಯಿತಿಗೆ ಹೋಗುತ್ತದೆ. ಉಳಿದ ₹1,80,000ಕ್ಕೆ 25% ಕಮಿಷನ್ ಎಂದರೆ ₹45,000. ಆ ಕಮಿಷನ್ ಮೇಲೆ 18% ಜಿಎಸ್‌ಟಿ ₹8,100. ಹೀಗೆ ಕೌಂಟರ್ ಮತ್ತು ಆ್ಯಪ್ ಎರಡೂ ಸೇರಿ ಕೈಗೆ ಬರುವುದು ₹5,26,900. ಕಚ್ಚಾ ಸಾಮಗ್ರಿಗೆ ₹2,10,000, ಬಾಡಿಗೆಗೆ ₹70,000, ಸಂಬಳಕ್ಕೆ ₹1,10,000, ಗ್ಯಾಸು–ಕರೆಂಟಿಗೆ ₹35,000, ಚಿಲ್ಲರೆ ಖರ್ಚಿಗೆ ₹20,000 ಕಳೆದರೆ ₹81,900 ಉಳಿಯುತ್ತದೆ.

ಈಗ ಕಂಪನಿಯ ಪಾಲು. ರಾಯಲ್ಟಿ ₹36,000 ಮತ್ತು ಜಾಹೀರಾತು ನಿಧಿ ₹12,000 ಸೇರಿ ₹48,000. ಅದರ ಮೇಲೆ 18% ಜಿಎಸ್‌ಟಿ ₹8,640. ಒಟ್ಟು ₹56,640. ಫ್ರಾಂಚೈಸಿದಾರರಿಗೆ ಉಳಿಯುವುದು ₹25,260. ಕಾಗದದ ಮೇಲೆ ಬರಿಯ 8% ಎಂದು ಕಾಣುವ ಹೊರೆ, ಖರ್ಚು ಕಳೆದು ಉಳಿದ ಹಣದಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚನ್ನು ತೆಗೆದುಕೊಂಡು ಹೋಗುತ್ತದೆ. ಸಾಲದ ಕಂತು ಕಟ್ಟಬೇಕಾದುದು ಮಿಕ್ಕ ಹಣದಲ್ಲಿ.

ರಾಯಲ್ಟಿಯ ಮೇಲಿನ ಜಿಎಸ್‌ಟಿಯನ್ನು ಇಲ್ಲಿ ಖರ್ಚಿಗೇ ಸೇರಿಸಿರುವುದಕ್ಕೆ ಕಾರಣವಿದೆ. ಸಾಮಾನ್ಯ ವ್ಯಾಪಾರದಲ್ಲಿ ಹೀಗೆ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಆದರೆ ಗ್ರಾಹಕರಿಂದ 5% ಜಿಎಸ್‌ಟಿ ಪಡೆಯುವ ಹೋಟೆಲುಗಳಿಗೆ ಆ ಸೌಲಭ್ಯವಿಲ್ಲ. ‘ಜಿಎಸ್‌ಟಿ ವಾಪಸ್ ಸಿಗುತ್ತದೆ, ಲೆಕ್ಕಕ್ಕೆ ಹಿಡಿಯಬೇಡಿ’ ಎಂಬ ಮಾತು ಬಟ್ಟೆ ಅಂಗಡಿಗೆ ಸರಿಹೋಗಬಹುದು, ತಿಂಡಿ ಅಂಗಡಿಗೆ ಹೋಗದು.

ಇದೇ ಅಂಗಡಿಯ ಒಪ್ಪಂದದಲ್ಲಿ ರಿಯಾಯಿತಿಯನ್ನೂ ಆ್ಯಪ್ ಕಮಿಷನ್ನನ್ನೂ ಕಳೆದ ನೆಟ್ ಸೇಲ್ಸ್ ಮೇಲೆ ರಾಯಲ್ಟಿ ಎಂದಿದ್ದರೆ ಲೆಕ್ಕದ ಆಧಾರ ₹5,35,000 ಆಗುತ್ತಿತ್ತು. ಜಿಎಸ್‌ಟಿ ಸೇರಿ ಕಂಪನಿಗೆ ಹೋಗುವುದು ₹50,504. ತಿಂಗಳಿಗೆ ₹6,136 ವ್ಯತ್ಯಾಸ. ಐದು ವರ್ಷದ ಒಪ್ಪಂದದಲ್ಲಿ ಅದು ₹3,68,160 ಆಗುತ್ತದೆ. ಶೇಕಡಾವಾರು ಒಂದಿಷ್ಟೂ ಬದಲಾಗದೆ, ವ್ಯಾಖ್ಯೆಯ ಒಂದು ಸಾಲಿನಿಂದ ಉಂಟಾಗುವ ವ್ಯತ್ಯಾಸ ಇದು. ಶೇಕಡಾವನ್ನು ಇಳಿಸಲು ಕಂಪನಿ ಒಪ್ಪದಿದ್ದಾಗ ಫ್ರಾಂಚೈಸಿದಾರರು ಪಟ್ಟು ಹಿಡಿಯಬಹುದಾದ ಜಾಗವೂ ಇದೇ.

ಕನಿಷ್ಠ ರಾಯಲ್ಟಿ ಮತ್ತು ಲೆಕ್ಕ ತಪಾಸಣೆ

ಮಾರಾಟ ಇಳಿದಾಗ ‘ಮಿನಿಮಮ್ ಗ್ಯಾರಂಟೀಡ್ ರಾಯಲ್ಟಿ’ ಎಂಬ ಷರತ್ತು ಜೀವ ಪಡೆಯುತ್ತದೆ. ಮೇಲಿನ ಅಂಗಡಿಯ ಮಾರಾಟ ಒಂದು ತಿಂಗಳು 20% ಕುಸಿದು ₹4,80,000ಕ್ಕೆ ಬಂದಿತು ಎನ್ನೋಣ. ಆ್ಯಪ್ ಪಾಲು ಅದೇ ಪ್ರಮಾಣದಲ್ಲಿದ್ದರೆ ಕೈಗೆ ಬರುವುದು ₹4,21,520. ಕಚ್ಚಾ ಸಾಮಗ್ರಿಯ ಖರ್ಚು ₹1,68,000ಕ್ಕೆ ಇಳಿಯುತ್ತದೆ, ಆದರೆ ಬಾಡಿಗೆ, ಸಂಬಳ, ಕರೆಂಟು ಇಳಿಯುವುದಿಲ್ಲ. ಉಳಿಯುವುದು ಬರೀ ₹18,520. 6% ರಾಯಲ್ಟಿ ₹28,800 ಆಗುತ್ತಿತ್ತು. ಕನಿಷ್ಠ ಮೊತ್ತ ₹30,000 ಇರುವುದರಿಂದ ಅದನ್ನೇ ಕೊಡಬೇಕು. ಜಾಹೀರಾತು ನಿಧಿ, ಜಿಎಸ್‌ಟಿ ಸೇರಿ ₹46,728. ಅಂದರೆ ಆ ತಿಂಗಳು ಮನೆಯಿಂದ ₹28,208 ತಂದು ಸೇರಿಸಬೇಕು. ಇಂಥ ಎರಡು ಮೂರು ತಿಂಗಳು ಒಟ್ಟಿಗೆ ಬಂದಾಗಲೇ ರಾಯಲ್ಟಿ ಬಾಕಿ ಬೀಳುವುದು.

ಹೊಸ ಅಂಗಡಿಗೆ ಗಿರಾಕಿ ಕೂಡಿಬರಲು ಸಮಯ ಬೇಕು. ಆದ್ದರಿಂದ ಮೊದಲ ಆರು ತಿಂಗಳಿಗೋ ಒಂದು ವರ್ಷಕ್ಕೋ ಕನಿಷ್ಠ ರಾಯಲ್ಟಿ ಅನ್ವಯಿಸುವುದಿಲ್ಲ ಎಂದು ಬರೆಸಿಕೊಳ್ಳುವುದು ಒಳ್ಳೆಯದು. ರಸ್ತೆ ಅಗಲೀಕರಣ, ನೆರೆ, ಸರ್ಕಾರದ ನಿರ್ಬಂಧ ಮುಂತಾದ ಕಾರಣಕ್ಕೆ ಅಂಗಡಿ ಮುಚ್ಚಿದ ದಿನಗಳಿಗೂ ಅದು ಬೀಳಬಾರದು. ಅನಿವಾರ್ಯ ಸಂದರ್ಭಗಳ ಬಗ್ಗೆ ಹೇಳುವ ‘ಫೋರ್ಸ್ ಮೆಜೂರ್’ ಎಂಬ ಭಾಗ ಅನೇಕ ಒಪ್ಪಂದಗಳಲ್ಲಿರುತ್ತದೆ. ಆದರೆ ಹಣ ಪಾವತಿಯ ಹೊಣೆಗೆ ಅದು ಅನ್ವಯಿಸುವುದಿಲ್ಲ ಎಂಬ ಸಾಲೂ ಅದರಲ್ಲೇ ಸೇರಿರಬಹುದು.

ಪಾವತಿಯ ವಿಧಾನವನ್ನೂ ಗಮನಿಸಬೇಕು. ಬ್ಯಾಂಕ್ ಖಾತೆಯಿಂದ ನೇರ ಕಡಿತಕ್ಕೆ ಅನುಮತಿ ಅಥವಾ ಸಹಿ ಮಾಡಿದ ಖಾಲಿ ಚೆಕ್ಕುಗಳನ್ನು ಕಂಪನಿ ಕೇಳಬಹುದು. ಬಾಕಿಗೆಂದು ಹಾಕಿದ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಕ್ರಿಮಿನಲ್ ದೂರಿಗೂ ದಾರಿಯಾಗುತ್ತದೆ. ಇನ್ನು ಪಾಲುದಾರಿಕೆ ಸಂಸ್ಥೆಯಾಗಿ ಅಥವಾ ಕಂಪನಿಯಾಗಿ ಅಂಗಡಿ ನಡೆಸುವವರು, ರಾಯಲ್ಟಿ ನಿಗದಿತ ವಾರ್ಷಿಕ ಮಿತಿ ಮೀರಿದರೆ, 10% ಆದಾಯ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ರಾಯಲ್ಟಿಯನ್ನು ‘ಯಾವ ಕಡಿತವೂ ಇಲ್ಲದೆ’ ಪೂರ್ತಿಯಾಗಿ ಕೊಡಬೇಕೆಂಬ ಸಾಲು ಒಪ್ಪಂದದಲ್ಲಿದ್ದರೆ ಆ ತೆರಿಗೆಯ ಹೊರೆಯೂ ಫ್ರಾಂಚೈಸಿದಾರರ ಹೆಗಲಿಗೆ ಬೀಳುವ ಅಪಾಯವಿದೆ. ಕಾನೂನು ಪ್ರಕಾರದ ತೆರಿಗೆ ಕಡಿತಕ್ಕೆ ಅವಕಾಶವಿದೆ ಎಂದು ಅಲ್ಲಿಯೇ ಸೇರಿಸಬೇಕು.

ಮಾರಾಟದ ಲೆಕ್ಕವನ್ನು ಕಂಪನಿ ಬಿಲ್ಲಿಂಗ್ ತಂತ್ರಾಂಶದ ಮೂಲಕ ನೇರವಾಗಿ ನೋಡುತ್ತಿರುತ್ತದೆ. ಜೊತೆಗೆ ಪುಸ್ತಕಗಳನ್ನು ತಪಾಸಣೆ ಮಾಡುವ ಹಕ್ಕೂ ಇರುತ್ತದೆ. ವರದಿ ಮಾಡಿದ ಮಾರಾಟಕ್ಕೂ ತಪಾಸಣೆಯಲ್ಲಿ ಕಂಡ ಮಾರಾಟಕ್ಕೂ ನಿಗದಿತ ಶೇಕಡಾಕ್ಕಿಂತ ಹೆಚ್ಚು ಅಂತರ ಬಂದರೆ ತಪಾಸಣೆಯ ಖರ್ಚನ್ನೂ ಬಡ್ಡಿಯನ್ನೂ ಫ್ರಾಂಚೈಸಿದಾರರೇ ಕೊಡಬೇಕು ಎಂದು ಬರೆದಿರುವುದುಂಟು. ಅಷ್ಟಕ್ಕೇ ನಿಲ್ಲದೆ, ಮಾರಾಟ ಮುಚ್ಚಿಟ್ಟದ್ದನ್ನು ತಕ್ಷಣದ ರದ್ದತಿಗೆ ಕಾರಣವೆಂದೂ ಪಟ್ಟಿ ಮಾಡಿರುತ್ತಾರೆ. ಕರೆಂಟು ಹೋದಾಗ ಕೈಬರಹದಲ್ಲಿ ಕೊಟ್ಟ ಬಿಲ್ಲು, ಸಿಬ್ಬಂದಿಯ ಊಟ, ಬಿಲ್ ಮಾಡಿ ರದ್ದುಪಡಿಸಿದ ಆರ್ಡರು ಇವೆಲ್ಲ ಇಂಥ ಅಂತರಕ್ಕೆ ಕಾರಣವಾಗುತ್ತವೆ. ಇವುಗಳನ್ನು ಅಂದಂದೇ ತಂತ್ರಾಂಶದಲ್ಲಿ ದಾಖಲಿಸಿದ್ದರೆ ಮುಂದೆ ಉತ್ತರ ಹೇಳುವುದು ಸುಲಭ.

ಬ್ರ್ಯಾಂಡ್ ಗುಣಮಟ್ಟ: ಒಪ್ಪಂದದ ಹೊರಗಿರುವ ಪುಸ್ತಕ

ಬ್ರ್ಯಾಂಡ್ ಗುಣಮಟ್ಟದ ಬಗ್ಗೆ ಒಪ್ಪಂದದಲ್ಲಿ ಸಿಗುವುದು ಒಂದೆರಡು ಪುಟ ಮಾತ್ರ. ಉಳಿದದ್ದೆಲ್ಲ ‘ಆಪರೇಷನ್ಸ್ ಮ್ಯಾನ್ಯುಯಲ್’ ಎಂಬ ಕೈಪಿಡಿಯಲ್ಲಿರುತ್ತದೆ. ಗೋಡೆಯ ಬಣ್ಣ, ಸಮವಸ್ತ್ರ, ಒಂದು ಕಪ್ ಚಹಾಕ್ಕೆ ಎಷ್ಟು ಗ್ರಾಂ ಪುಡಿ, ಹಾಲಿನ ಬ್ರ್ಯಾಂಡ್ ಯಾವುದು, ಅಂಗಡಿ ತೆರೆಯುವ ಹೊತ್ತು, ಯಾವ ಸರಬರಾಜುದಾರರಿಂದ ಕೊಳ್ಳಬೇಕು ಎಲ್ಲವೂ ಅದರಲ್ಲೇ. ಕೈಪಿಡಿ ಒಪ್ಪಂದದ ಭಾಗವೆಂದೂ ಅದನ್ನು ಕಂಪನಿ ‘ಫ್ರಮ್ ಟೈಮ್ ಟು ಟೈಮ್’, ಅಂದರೆ ಬೇಕೆಂದಾಗಲೆಲ್ಲ, ಬದಲಿಸಬಹುದೆಂದೂ ಒಂದು ಸಾಲು ಇರುತ್ತದೆ. ಗೋಪ್ಯ ದಾಖಲೆ ಎಂಬ ಕಾರಣಕ್ಕೆ ಅನೇಕ ಕಂಪನಿಗಳು ಸಹಿಯಾದ ಮೇಲಷ್ಟೇ ಅದನ್ನು ಕೈಗೆ ಕೊಡುತ್ತವೆ. ಹೀಗಾಗಿ ಓದದ ಪುಸ್ತಕವೊಂದಕ್ಕೆ, ಮುಂದೆ ಬದಲಾಗಲಿರುವ ಅದರ ಪುಟಗಳಿಗೂ ಸೇರಿಸಿ, ಮೊದಲೇ ಒಪ್ಪಿಗೆ ಕೊಟ್ಟಂತಾಗುತ್ತದೆ.

ಇದನ್ನು ಸರಿಪಡಿಸಲು ಸಾಧ್ಯವಿದೆ. ಗೋಪ್ಯತೆಯ ಪ್ರತ್ಯೇಕ ಪತ್ರಕ್ಕೆ ಸಹಿ ಹಾಕಿ, ಕೈಪಿಡಿಯನ್ನು ಕಂಪನಿಯ ಕಚೇರಿಯಲ್ಲಿಯೇ ಕುಳಿತಾದರೂ ಮುಂಚಿತವಾಗಿ ಓದಲು ಕೇಳಬಹುದು. ಓದುವಾಗ ಹಣ ಖರ್ಚಾಗುವ ಮೂರು ಕಡೆ ಗುರುತು ಹಾಕಿಕೊಳ್ಳಬೇಕು.

ಮೊದಲನೆಯದು ನವೀಕರಣ. ಬ್ರ್ಯಾಂಡಿನ ರೂಪ ಬದಲಾದಾಗ ಅಂಗಡಿಯ ಒಳಾಂಗಣವನ್ನೂ ಫಲಕವನ್ನೂ ಸ್ವಂತ ಖರ್ಚಿನಲ್ಲಿ ಬದಲಿಸಬೇಕೆಂಬ ಷರತ್ತು ಇದು. ಐದು ವರ್ಷದ ಒಪ್ಪಂದದ ನಾಲ್ಕನೇ ವರ್ಷದಲ್ಲಿ ಹತ್ತು ಲಕ್ಷದ ನವೀಕರಣಕ್ಕೆ ಸೂಚನೆ ಬಂದರೆ ಆ ಹಣವನ್ನು ಸಂಪಾದಿಸಿಕೊಳ್ಳಲು ಅವಧಿಯೇ ಉಳಿದಿರುವುದಿಲ್ಲ. ಒಟ್ಟು ಅವಧಿಯಲ್ಲಿ ಎಷ್ಟು ಬಾರಿ, ಗರಿಷ್ಠ ಎಷ್ಟು ಮೊತ್ತ, ಎಷ್ಟು ತಿಂಗಳ ಮುನ್ಸೂಚನೆ ಎಂಬುದನ್ನು ಬರೆಸಬೇಕು. ಕೊನೆಯ 18 ತಿಂಗಳಲ್ಲಿ ದೊಡ್ಡ ಖರ್ಚಿನ ಬದಲಾವಣೆ ಕೇಳುವಂತಿಲ್ಲ ಎಂಬಂಥ ಮಿತಿಯೂ ಇರಬೇಕು.

ಎರಡನೆಯದು ಸರಬರಾಜು. ಪಟ್ಟಿಯಲ್ಲಿರುವ ಸರಬರಾಜುದಾರರಿಂದಲೇ ಕೊಳ್ಳಬೇಕೆಂಬ ನಿಯಮ ರುಚಿ ಒಂದೇ ಇರಲಿ ಎಂಬ ಕಾರಣಕ್ಕೆ ನ್ಯಾಯವಾದದ್ದೇ. ಆದರೆ ಚಹಾಪುಡಿ, ಮಸಾಲೆಗೆ ಒಪ್ಪುವ ಈ ಕಾರಣ ಟಿಶ್ಯೂ ಪೇಪರಿಗೂ ಸಕ್ಕರೆಗೂ ಅನ್ವಯಿಸುವುದಿಲ್ಲ. ಸರಬರಾಜುದಾರ ಕಂಪನಿಯ ಸೋದರ ಸಂಸ್ಥೆಯಾಗಿದ್ದರೆ ರಾಯಲ್ಟಿಯ ಜೊತೆಗೆ ಸರಕಿನ ಬೆಲೆಯಲ್ಲೂ ಕಂಪನಿಯ ಲಾಭ ಅಡಗಿರುತ್ತದೆ. ರಾಯಲ್ಟಿಯೇ ಇಲ್ಲ ಎಂದು ಜಾಹೀರಾತು ಕೊಡುವ ಬ್ರ್ಯಾಂಡುಗಳಲ್ಲಿ ಇದನ್ನು ವಿಶೇಷವಾಗಿ ಪರಿಶೀಲಿಸಬೇಕು. ಸರಬರಾಜು ಪಟ್ಟಿಯ ಇಂದಿನ ದರಗಳನ್ನು ಪಡೆದು ದಾವಣಗೆರೆಯ ಸಗಟು ದರದೊಂದಿಗೆ ಹೋಲಿಸಿದರೆ ನಿಜವಾದ ಹೊರೆ ಎಷ್ಟೆಂದು ತಿಳಿಯುತ್ತದೆ.

ಮೂರನೆಯದು ತಪಾಸಣೆಯ ಅಂಕ. ಕಂಪನಿಯವರು ಹೇಳದೆ ಬಂದು, ಕೆಲವೊಮ್ಮೆ ಗ್ರಾಹಕರ ವೇಷದಲ್ಲಿಯೇ ಬಂದು, ಸ್ವಚ್ಛತೆ, ಸೇವೆ, ರುಚಿಗೆ ಅಂಕ ಹಾಕುತ್ತಾರೆ. ನೂರಕ್ಕೆ ಇಷ್ಟು ಬರಲೇಬೇಕು, ಇಂತಿಷ್ಟು ಬಾರಿ ಕಡಿಮೆಯಾದರೆ ಒಪ್ಪಂದ ಉಲ್ಲಂಘನೆ ಎಂಬ ನಿಯಮ ಇದ್ದಲ್ಲಿ ಅಂಕಪಟ್ಟಿಯ ಮಾದರಿಯನ್ನು ಒಪ್ಪಂದಕ್ಕೆ ಲಗತ್ತಿಸಬೇಕು. ವರದಿಯ ಪ್ರತಿ ಎಷ್ಟು ದಿನದಲ್ಲಿ ಸಿಗುತ್ತದೆ, ಅದಕ್ಕೆ ಉತ್ತರ ಕೊಡಲು ಅವಕಾಶವಿದೆಯೇ, ಮರುತಪಾಸಣೆ ಇದೆಯೇ ಎಂಬುದು ಬರಹದಲ್ಲಿ ಇರಬೇಕು. ‘ಸೋಲ್ ಡಿಸ್ಕ್ರಿಷನ್’ ಎಂಬ ಮಾತು ಇದ್ದಲ್ಲಿ ತೀರ್ಮಾನ ಪೂರ್ತಿಯಾಗಿ ಕಂಪನಿಯ ವಿವೇಚನೆಗೆ ಬಿಟ್ಟದ್ದು ಎಂದರ್ಥ. ಅದರ ಬದಲು ‘ರೀಸನಬಲ್’ ಎಂಬ ಮಾತನ್ನು ಸೇರಿಸಿದರೆ ತೀರ್ಮಾನಕ್ಕೆ ಕಾರಣ ಕೊಡಬೇಕಾದ ಹೊಣೆ ಕಂಪನಿಗೆ ಬರುತ್ತದೆ.

ಕರ್ನಾಟಕದಲ್ಲಿ ಅಂಗಡಿ ತೆರೆಯುವವರು ಫಲಕದ ವಿಷಯವನ್ನೂ ಇದೇ ಭಾಗದಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ 60% ಭಾಗ ಕನ್ನಡ ಇರಬೇಕು ಮತ್ತು ಕನ್ನಡ ಮೇಲ್ಭಾಗದಲ್ಲಿರಬೇಕು. ಕೈಪಿಡಿಯಲ್ಲಿರುವ ನಕ್ಷೆ ಇಂಗ್ಲಿಷ್ ಲೋಗೊವನ್ನೇ ಪೂರ್ತಿ ಅಗಲಕ್ಕೆ ತೋರಿಸಿದ್ದರೆ ಫ್ರಾಂಚೈಸಿದಾರರು ಇಕ್ಕಟ್ಟಿಗೆ ಸಿಲುಕುತ್ತಾರೆ. ನಕ್ಷೆ ಪಾಲಿಸಿದರೆ ಕಾನೂನು ಮುರಿದಂತೆ, ಕಾನೂನು ಪಾಲಿಸಿದರೆ ಕೈಪಿಡಿ ಮುರಿದಂತೆ. ಸ್ಥಳೀಯ ಕಾನೂನಿಗೂ ಕೈಪಿಡಿಗೂ ವಿರೋಧ ಬಂದರೆ ಕಾನೂನೇ ಮೇಲು, ಹಾಗೆ ನಡೆದುಕೊಂಡದ್ದು ಉಲ್ಲಂಘನೆಯಲ್ಲ ಎಂಬ ಒಂದು ವಾಕ್ಯ ಈ ಇಕ್ಕಟ್ಟನ್ನು ಬಿಡಿಸುತ್ತದೆ. ಲೋಗೊವಿನ ಕನ್ನಡ ರೂಪವನ್ನು ಕಂಪನಿಯೇ ಒದಗಿಸಬೇಕೆಂದೂ ಸೇರಿಸಬಹುದು.

ರದ್ದತಿ: ಯಾರು, ಯಾವಾಗ, ಎಷ್ಟು ದಿನದಲ್ಲಿ

‘ಟರ್ಮಿನೇಷನ್’ ಎಂಬ ಶೀರ್ಷಿಕೆಯ ಭಾಗದಲ್ಲಿ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಒಂದು, ತಪ್ಪು ತಿದ್ದಿಕೊಳ್ಳಲು ಅವಕಾಶ ಕೊಟ್ಟು ರದ್ದು ಮಾಡುವುದು. ನೋಟಿಸ್ ಕೊಟ್ಟ 15 ಅಥವಾ 30 ದಿನಗಳಲ್ಲಿ ಬಾಕಿ ಕಟ್ಟಿದರೆ ಅಥವಾ ಲೋಪ ಸರಿಪಡಿಸಿದರೆ ಒಪ್ಪಂದ ಮುಂದುವರಿಯುತ್ತದೆ. ಈ ಗಡುವಿಗೆ ‘ಕ್ಯೂರ್ ಪೀರಿಯಡ್’ ಎನ್ನುತ್ತಾರೆ. ಎರಡು, ಗಡುವಿಲ್ಲದೆ ತಕ್ಷಣ ರದ್ದು ಮಾಡುವುದು. ‘ಫಾರ್ತ್‌ವಿತ್’ ಅಥವಾ ‘ಇಮ್ಮೀಡಿಯಟ್ಲಿ’ ಎಂಬ ಮಾತು ಇದರ ಗುರುತು. ದಿವಾಳಿತನ, ಅಪರಾಧ ಸಾಬೀತು, ಅಂಗಡಿ ಬಿಟ್ಟುಹೋಗುವುದು, ಮಾರಾಟ ಮುಚ್ಚಿಡುವುದು ಈ ಪಟ್ಟಿಯಲ್ಲಿರುತ್ತವೆ. ಮೂರು, ಯಾವ ತಪ್ಪೂ ಇಲ್ಲದೆ, 60 ಅಥವಾ 90 ದಿನಗಳ ನೋಟಿಸ್ ಕೊಟ್ಟು ಮುಗಿಸುವುದು.

ಮೊದಲ ದಾರಿಯಲ್ಲಿ ಗಮನಿಸಬೇಕಾದದ್ದು ಗಡುವಿನ ಉದ್ದ ಮತ್ತು ಅದು ಶುರುವಾಗುವ ದಿನ. ನೋಟಿಸ್ ಕಳಿಸಿದ ದಿನದಿಂದ ಎಂದಿದ್ದರೆ, ಹಳೆಯ ಇಮೇಲ್ ವಿಳಾಸಕ್ಕೆ ಬಂದು ಬಿದ್ದ ನೋಟಿಸನ್ನು ತೆರೆದು ನೋಡುವ ಹೊತ್ತಿಗೆ ಗಡುವೇ ಮುಗಿದಿರಬಹುದು. ತಲುಪಿದ ದಿನದಿಂದ ಎಂದೂ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಬೇಕೆಂದೂ ತಿದ್ದಿಸಬೇಕು. ಎರಡನೇ ದಾರಿಯಲ್ಲಿ ತಕ್ಷಣದ ರದ್ದತಿಯ ಪಟ್ಟಿಗೆ ಚಿಕ್ಕ ಲೋಪಗಳೂ ಸೇರಿವೆಯೇ ಎಂದು ನೋಡಬೇಕು. ಹನ್ನೆರಡು ತಿಂಗಳಲ್ಲಿ ಎರಡನೇ ಬಾರಿ ರಾಯಲ್ಟಿ ತಡವಾದರೆ ಗಡುವಿಲ್ಲ ಎಂಬ ಷರತ್ತು ಅಂಥದ್ದು. ಮೇಲಿನ ಉದಾಹರಣೆಯ ಅಂಗಡಿಗೆ ಮಳೆಗಾಲದಲ್ಲಿ ಒಮ್ಮೆ, ಪರೀಕ್ಷೆಯ ರಜೆಯಲ್ಲಿ ಮತ್ತೊಮ್ಮೆ ವ್ಯಾಪಾರ ಕುಸಿದು ಎರಡು ಸಲ ಪಾವತಿ ತಡವಾದರೆ ಸಾಕು, ಲಕ್ಷಾಂತರ ಹೂಡಿದ ಅಂಗಡಿ ಕಂಪನಿಯ ಒಂದು ಪತ್ರದಿಂದ ನಿಂತುಹೋಗಬಹುದು.

ಮೂರನೇ ದಾರಿ ಅತಿ ಅಪಾಯದ್ದು, ಏಕೆಂದರೆ ಅಲ್ಲಿ ನ್ಯಾಯಾಲಯದಿಂದ ಸಿಗುವ ರಕ್ಷಣೆ ತೀರ ಕಡಿಮೆ. ಇಂಡಿಯನ್ ಆಯಿಲ್ ಕಾರ್ಪೊರೇಷನ್ ಮತ್ತು ಅಮೃತಸರ ಗ್ಯಾಸ್ ಸರ್ವಿಸ್ ನಡುವಿನ 1990ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಶ್ನೆ ಇತ್ತು. ಅಡುಗೆ ಅನಿಲ ವಿತರಣೆಯ ಆ ಒಪ್ಪಂದವನ್ನು 30 ದಿನಗಳ ನೋಟಿಸ್ ಕೊಟ್ಟು ಮುಗಿಸಬಹುದಿತ್ತು. ರದ್ದತಿ ತಪ್ಪೆಂದು ಕಂಡರೂ ವಿತರಕ ಸಂಸ್ಥೆಗೆ ವಿತರಣೆಯ ಹಕ್ಕನ್ನು ಮರಳಿ ಕೊಡಿಸಲಾಗದು, ನೋಟಿಸ್ ಅವಧಿಯಾದ 30 ದಿನಗಳ ನಷ್ಟವನ್ನಷ್ಟೇ ಕೊಡಿಸಬಹುದು ಎಂದು ಕೋರ್ಟ್ ಹೇಳಿತು. ನೋಟಿಸ್ ಕೊಟ್ಟು ಮುಗಿಸಬಹುದಾದ ಕರಾರನ್ನು ಬಲವಂತವಾಗಿ ಮುಂದುವರಿಸಲು ನಿರ್ದಿಷ್ಟ ಪರಿಹಾರ ಕಾಯ್ದೆ ಅವಕಾಶ ಕೊಡುವುದಿಲ್ಲ ಎಂಬುದು ಇದರ ಹಿಂದಿನ ತತ್ವ. ಫ್ರಾಂಚೈಸಿದಾರರು ಇದರಿಂದ ತಿಳಿಯಬೇಕಾದದ್ದು ಇಷ್ಟು: ಐದು ವರ್ಷದ ಒಪ್ಪಂದ ಎಂದು ಮುಖಪುಟದಲ್ಲಿ ಬರೆದಿದ್ದರೂ, ಒಳಗೆ ಕಾರಣವಿಲ್ಲದೆ 60 ದಿನಗಳ ನೋಟಿಸ್ ಎಂದಿದ್ದರೆ ಅವರ ಕೈಯಲ್ಲಿರುವ ಭದ್ರತೆ 60 ದಿನಗಳದ್ದು ಮಾತ್ರ. ಈ ಷರತ್ತನ್ನು ತೆಗೆಸಬೇಕು. ಆಗದಿದ್ದರೆ, ಹೂಡಿದ ಬಂಡವಾಳ ಮರಳಿ ಬರುವ ಮೊದಲ ಮೂರು ವರ್ಷಗಳಲ್ಲಾದರೂ ಕಂಪನಿ ಅದನ್ನು ಬಳಸುವಂತಿಲ್ಲ ಎಂದು ಬರೆಸಬೇಕು.

ಫ್ರಾಂಚೈಸಿದಾರರೇ ಹೊರಬರಬೇಕೆಂದರೆ ಏನು ಎಂಬುದನ್ನೂ ಹುಡುಕಬೇಕು. ‘ಲಾಕ್-ಇನ್’ ಅವಧಿ ಇದ್ದರೆ ಅಲ್ಲಿಯವರೆಗೆ ಬಿಡುವಂತಿಲ್ಲ, ಬಿಟ್ಟರೆ ಉಳಿದ ತಿಂಗಳುಗಳ ಕನಿಷ್ಠ ರಾಯಲ್ಟಿ ಕಟ್ಟಬೇಕು ಎಂಬ ನಿಯಮ ಸಾಮಾನ್ಯ. ಕಂಪನಿ ತರಬೇತಿ, ಸರಬರಾಜು, ಜಾಹೀರಾತು ಕೊಡುವ ತನ್ನ ಹೊಣೆಯಲ್ಲಿ ತಪ್ಪಿದರೆ ಫ್ರಾಂಚೈಸಿದಾರರಿಗೂ ರದ್ದತಿಯ ಹಕ್ಕು ಇರಬೇಕು. ಇಲ್ಲಿ ಕಂಪನಿಯ ಹೊಣೆಗಳನ್ನು ‘ಮೇ’ ಎಂದು ಬರೆದಿದ್ದರೆ ಅವು ಹೊಣೆಗಳೇ ಅಲ್ಲ, ಇಷ್ಟವಿದ್ದರೆ ಮಾಡುವ ಕೆಲಸಗಳು. ‘ಶಲ್’ ಎಂದಿದ್ದರೆ ಮಾತ್ರ ಕಡ್ಡಾಯ.

ರದ್ದಾದ ಮೇಲೆ ಉಳಿಯುವ ಹೊಣೆಗಳು

ಒಪ್ಪಂದ ಮುಗಿದ ದಿನದಿಂದ ಬ್ರ್ಯಾಂಡಿನ ಹೆಸರನ್ನು ಬಳಸುವಂತಿಲ್ಲ. ಫಲಕ ಇಳಿಸಬೇಕು, ಕೈಪಿಡಿ ಮರಳಿಸಬೇಕು, ಅಂಗಡಿಯ ಫೋನ್ ನಂಬರು, ಆ್ಯಪ್‌ಗಳಲ್ಲಿನ ಖಾತೆ, ಸಾಮಾಜಿಕ ಜಾಲತಾಣದ ಪುಟ ಇವುಗಳನ್ನೂ ಬಿಟ್ಟುಕೊಡಬೇಕಾಗಬಹುದು. ದೊಡ್ಡ ಪ್ರಮಾಣದಲ್ಲಿ ಇದು ಹೇಗಿರುತ್ತದೆ ಎಂಬುದು 2017ರ ಆಗಸ್ಟ್‌ನಲ್ಲಿ ಕಂಡಿತು. ಉತ್ತರ ಮತ್ತು ಪೂರ್ವ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಮಳಿಗೆಗಳನ್ನು ನಡೆಸುತ್ತಿದ್ದ ಕನಾಟ್ ಪ್ಲಾಜಾ ರೆಸ್ಟೊರೆಂಟ್ಸ್ ಸಂಸ್ಥೆಯ 169 ಮಳಿಗೆಗಳ ಫ್ರಾಂಚೈಸಿಯನ್ನು ರಾಯಲ್ಟಿ ಪಾವತಿಯೂ ಸೇರಿದಂತೆ ಒಪ್ಪಂದದ ಉಲ್ಲಂಘನೆಯ ಆರೋಪದ ಮೇಲೆ ಮೆಕ್‌ಡೊನಾಲ್ಡ್ಸ್ ಇಂಡಿಯಾ ರದ್ದು ಮಾಡಿತು. 15 ದಿನಗಳೊಳಗೆ ಹೆಸರು, ಚಿಹ್ನೆ, ವಿನ್ಯಾಸಗಳ ಬಳಕೆ ನಿಲ್ಲಿಸಬೇಕೆಂದು ಸೂಚಿಸಿತು. ಅದು ಜಂಟಿ ಉದ್ಯಮದ ಪಾಲುದಾರರ ನಡುವಿನ ದೀರ್ಘ ವ್ಯಾಜ್ಯದ ಭಾಗವಾಗಿತ್ತು ಮತ್ತು 2019ರ ಮೇನಲ್ಲಿ ರಾಜಿಯಲ್ಲಿ ಮುಗಿಯಿತು. ವಕೀಲರ ಪಡೆಯನ್ನು ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡುವ ಶಕ್ತಿ ಒಂದೇ ಅಂಗಡಿ ಇಟ್ಟವರಿಗೆ ಇರುವುದಿಲ್ಲ. ಆದ್ದರಿಂದ ಫಲಕ ಇಳಿಸಲು 30 ದಿನ, ಉಳಿದ ಸರಕನ್ನು ಕಂಪನಿ ಕೊಂಡ ಬೆಲೆಗೆ ವಾಪಸ್ ಪಡೆಯುವುದು, ಠೇವಣಿಯನ್ನು 45 ದಿನದಲ್ಲಿ ಮರಳಿಸುವುದು ಇವುಗಳನ್ನು ಅಂಕಿಗಳಲ್ಲೇ ಬರೆಸಬೇಕು.

ಪರಿಹಾರದ ಮೊತ್ತ ಇನ್ನೊಂದು ವಿಷಯ. ರದ್ದಾದರೆ ಉಳಿದ ಅವಧಿಯ ಪೂರ್ತಿ ರಾಯಲ್ಟಿಯನ್ನು ‘ಲಿಕ್ವಿಡೇಟೆಡ್ ಡ್ಯಾಮೇಜಸ್’ ಎಂದು ಕೊಡಬೇಕೆಂಬ ಷರತ್ತು ಇರಬಹುದು. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಹೀಗೆ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯೋಚಿತವಾದಷ್ಟೇ ಸಿಗುತ್ತದೆ. ನಷ್ಟವನ್ನು ಸಾಬೀತುಪಡಿಸಲು ಸಾಧ್ಯವಿರುವಾಗ ಸಾಬೀತುಪಡಿಸಲೇಬೇಕು ಎಂದು ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದರೆ ಠೇವಣಿ ಮತ್ತು ಚೆಕ್ಕುಗಳು ಕಂಪನಿಯ ಕೈಯಲ್ಲೇ ಇರುವುದರಿಂದ ವಾದ ಮಾಡಿ ಹಣ ಬಿಡಿಸಿಕೊಳ್ಳುವ ಕಷ್ಟ ಫ್ರಾಂಚೈಸಿದಾರರದೇ ಆಗುತ್ತದೆ.

ರದ್ದಾದ ಮೇಲೆ ಎರಡು ವರ್ಷ ಇದೇ ಬಗೆಯ ವ್ಯಾಪಾರ ಮಾಡುವಂತಿಲ್ಲ ಎಂಬ ಷರತ್ತಿಗೆ ‘ನಾನ್-ಕಂಪೀಟ್’ ಎಂದು ಹೆಸರು. ಇಲ್ಲಿ ಕಾನೂನು ಅವಧಿಗೆ ಅನುಗುಣವಾಗಿ ಭೇದ ಮಾಡುತ್ತದೆ. ಒಪ್ಪಂದ ಜಾರಿಯಲ್ಲಿರುವಾಗ ಪೈಪೋಟಿಯ ವ್ಯಾಪಾರ ಮಾಡಬಾರದೆಂಬ ನಿರ್ಬಂಧ ನಡೆಯುತ್ತದೆ. ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ನಡುವಿನ 1995ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಂಥ ನಿರ್ಬಂಧವನ್ನು ಎತ್ತಿಹಿಡಿಯಿತು. ಒಪ್ಪಂದ ಮುಗಿದ ಮೇಲೆ ಜೀವನೋಪಾಯದ ವ್ಯಾಪಾರವನ್ನೇ ತಡೆಯುವ ನಿರ್ಬಂಧ 27ನೇ ಕಲಂ ಪ್ರಕಾರ ಊರ್ಜಿತವಲ್ಲ. ಹಾಗೆಂದು ಅದೇ ಜಾಗದಲ್ಲಿ ಅದೇ ಬಣ್ಣ, ಹೋಲುವ ಹೆಸರು, ಕಂಪನಿಯ ಗುಟ್ಟಿನ ಪಾಕವಿಧಾನ ಇಟ್ಟುಕೊಂಡು ಚಹಾ ಮಾರುವಂತಿಲ್ಲ; ಅದು ಟ್ರೇಡ್ ಮಾರ್ಕ್ ಮತ್ತು ಗೋಪ್ಯತೆಯ ಉಲ್ಲಂಘನೆಯಾಗುತ್ತದೆ. ಸ್ವಂತ ಹೆಸರು, ಸ್ವಂತ ಮೆನು ಇಟ್ಟು ವ್ಯಾಪಾರ ಮುಂದುವರಿಸಲು ದಾರಿ ಇದೆ.

ಸಹಿಗೆ ಮುನ್ನ ಓದುವ ಕ್ರಮ

ಒಪ್ಪಂದವನ್ನು ಹಿಂದಿನಿಂದ ಮುಂದಕ್ಕೆ ಓದುವುದು ಉಪಯುಕ್ತ. ಮೊದಲು ರದ್ದತಿಯ ಭಾಗ ತೆರೆದು, ಅಲ್ಲಿ ಹೆಸರಿಸಿರುವ ಪ್ರತಿಯೊಂದು ಕಾರಣವೂ ರಾಯಲ್ಟಿ ಮತ್ತು ಕೈಪಿಡಿಯ ಯಾವ ಷರತ್ತಿಗೆ ಸಂಬಂಧಿಸಿದೆ ಎಂದು ಪಕ್ಕದಲ್ಲಿ ಕಲಂ ಸಂಖ್ಯೆ ಬರೆದುಕೊಳ್ಳಬೇಕು. ಆಗ ಯಾವ ಚಿಕ್ಕ ಲೋಪ ಅಂಗಡಿಯನ್ನೇ ಮುಚ್ಚಿಸಬಲ್ಲದು ಎಂಬುದು ಎದ್ದು ಕಾಣುತ್ತದೆ. ನಂತರ ಅಂಗಡಿಯ ಬಾಡಿಗೆ ಕರಾರನ್ನು ಪಕ್ಕದಲ್ಲಿಟ್ಟು ಅವಧಿ ಹೋಲಿಸಬೇಕು. ಫ್ರಾಂಚೈಸಿ ಐದು ವರ್ಷದ್ದಾಗಿದ್ದು ಬಾಡಿಗೆ ಕರಾರು 11 ತಿಂಗಳದ್ದಾಗಿದ್ದರೆ, ಕಟ್ಟಡದ ಮಾಲೀಕರು ಖಾಲಿ ಮಾಡಿಸಿದ ದಿನ ಕಂಪನಿಯ ಲಾಕ್-ಇನ್ ಹೊಣೆ ಹಾಗೆಯೇ ಉಳಿದಿರುತ್ತದೆ.

ಮಾರ್ಕೆಟಿಂಗ್ ಪ್ರತಿನಿಧಿ ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಬರಹಕ್ಕೆ ತರಿಸಬೇಕು. ‘ಎಂಟೈರ್ ಅಗ್ರಿಮೆಂಟ್’ ಎಂಬ ಷರತ್ತು ಕೊನೆಯ ಪುಟಗಳಲ್ಲಿರುತ್ತದೆ. ಅದರ ಪ್ರಕಾರ ಒಪ್ಪಂದದಲ್ಲಿ ಇಲ್ಲದ ಯಾವ ಭರವಸೆಗೂ ಬೆಲೆಯಿಲ್ಲ. ‘18 ತಿಂಗಳಲ್ಲಿ ಬಂಡವಾಳ ವಾಪಸ್’, ‘ಮೂರು ಕಿಲೋಮೀಟರ್ ಒಳಗೆ ಇನ್ನೊಂದು ಅಂಗಡಿ ಕೊಡುವುದಿಲ್ಲ’ ಎಂಬ ಮಾತುಗಳು ಬರಹದಲ್ಲಿಲ್ಲದಿದ್ದರೆ, ಅವನ್ನು ನಂಬಿ ಮೋಸಹೋದದ್ದನ್ನು ಪ್ರತ್ಯೇಕವಾಗಿ ಸಾಬೀತುಪಡಿಸುವ ಕಷ್ಟ ಎದುರಾಗುತ್ತದೆ. ಬ್ರ್ಯಾಂಡಿನ ಟ್ರೇಡ್ ಮಾರ್ಕ್ ನೋಂದಣಿಯಾಗಿದೆಯೇ, ಒಪ್ಪಂದಕ್ಕೆ ಸಹಿ ಹಾಕುವ ಕಂಪನಿಯೇ ಅದರ ಮಾಲೀಕನೇ ಎಂಬುದನ್ನು ಟ್ರೇಡ್ ಮಾರ್ಕ್ ನೋಂದಣಿ ಕಚೇರಿಯ ಸಾರ್ವಜನಿಕ ಹುಡುಕಾಟದಲ್ಲಿ ಉಚಿತವಾಗಿ ನೋಡಬಹುದು.

ವ್ಯಾಜ್ಯ ಬಂದರೆ ಎಲ್ಲಿ ಎಂಬುದು ಕೊನೆಯದು. ಮಧ್ಯಸ್ಥಿಕೆಯ ‘ಸೀಟ್’ ಪುಣೆ ಎಂದಿದ್ದರೆ ದಾವಣಗೆರೆಯ ಅಂಗಡಿಯ ಜಗಳಕ್ಕೂ ಸಂಬಂಧಿಸಿದ ಕೋರ್ಟು ಅಲ್ಲಿಯದೇ. ಅಂಗಡಿ ಇರುವ ಊರನ್ನೋ ಬೆಂಗಳೂರನ್ನೋ ಕೇಳಬೇಕು. ಒಬ್ಬನೇ ಮಧ್ಯಸ್ಥಗಾರನನ್ನು ಕಂಪನಿ ತಾನೇ ನೇಮಿಸುವುದಾಗಿ ಬರೆದಿದ್ದರೆ ಅದು ನಡೆಯುವುದಿಲ್ಲ. ವ್ಯಾಜ್ಯದ ಫಲಿತಾಂಶದಲ್ಲಿ ಹಿತಾಸಕ್ತಿ ಇರುವ ಒಂದು ಕಡೆಯವರೇ ಹಾಗೆ ನೇಮಿಸುವಂತಿಲ್ಲ ಎಂದು ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಮಾನಿಸಿದೆ.

ಈ ತಿದ್ದುಪಡಿಗಳಲ್ಲಿ ಎಲ್ಲವನ್ನೂ ಯಾವ ಕಂಪನಿಯೂ ಒಪ್ಪುವುದಿಲ್ಲ. ನೂರಾರು ಅಂಗಡಿಗಳಿಗೆ ಒಂದೇ ಮಾದರಿ ಇಟ್ಟುಕೊಂಡವರು ಮೂಲ ಒಪ್ಪಂದವನ್ನು ಮುಟ್ಟಲು ಹಿಂಜರಿದರೆ, ಬದಲಾವಣೆಗಳನ್ನು ಪ್ರತ್ಯೇಕ ಪೂರಕ ಪತ್ರದಲ್ಲಿ ಬರೆದು ಇಬ್ಬರೂ ಸಹಿ ಹಾಕಬಹುದು. ವಿರೋಧ ಬಂದಲ್ಲಿ ಪೂರಕ ಪತ್ರವೇ ಊರ್ಜಿತ ಎಂಬ ಸಾಲು ಅದರಲ್ಲಿರಬೇಕು. ಕನಿಷ್ಠ ನಾಲ್ಕನ್ನು ಬಿಡಬಾರದು: ಆ್ಯಪ್ ಕಮಿಷನ್ ಕಳೆದ ಮಾರಾಟದ ಮೇಲೆ ರಾಯಲ್ಟಿ, ನವೀಕರಣದ ಖರ್ಚಿಗೆ ಮಿತಿ, ಬಾಕಿ ತೀರಿಸಲು ನೋಟಿಸ್ ತಲುಪಿದ ದಿನದಿಂದ 30 ದಿನ, ಮತ್ತು ಬಂಡವಾಳ ಮರಳುವವರೆಗೆ ಕಾರಣವಿಲ್ಲದ ರದ್ದತಿ ಇಲ್ಲ ಎಂಬ ಖಾತರಿ. ಈ ನಾಲ್ಕಕ್ಕೂ ಒಪ್ಪದ ಒಪ್ಪಂದದಲ್ಲಿ, ಇಳಿದ ಮಾರಾಟದ ಲೆಕ್ಕವನ್ನು ಇಟ್ಟು ನೋಡಿದಾಗ ಆರು ತಿಂಗಳ ನಷ್ಟ ತಡೆಯುವಷ್ಟು ಹಣ ಕೈಯಲ್ಲಿಲ್ಲದವರು ಸಹಿ ಹಾಕದಿರುವುದೇ ಕ್ಷೇಮ.